ತಳ್ಳುಗಾಡಿಯ ರೇಟ್ ಬೋರ್ಡನ್ನು ಅರಬ್ಬಿಗೆ ತರುವುದು ಹೇಗೆ?

ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಸುತ್ತಮುತ್ತ ಜ್ಯೂಸ್ ಅಂಗಡಿ, ಹಣ್ಣಿನ ಗಾಡಿ ಇಟ್ಟವರ ಮನೆಯ ಹುಡುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಯೆಮನ್, ಒಮಾನ್, ಇರಾಕ್, ಸುಡಾನ್ ಕಡೆಯಿಂದ ಚಿಕಿತ್ಸೆಗೆ, ಓದಿಗೆ ಬಂದವರು ಗಾಡಿ ಮುಂದೆ ನಿಲ್ಲುತ್ತಾರೆ, ಬೋರ್ಡ್ ನೋಡುತ್ತಾರೆ, ಏನೂ ಅರ್ಥವಾಗದೆ ಬೆರಳು ತೋರಿಸಿ ಕೊಳ್ಳುತ್ತಾರೆ ಅಥವಾ ಹಾಗೇ ಹೊರಟು ಹೋಗುತ್ತಾರೆ. ಬೋರ್ಡಿನಲ್ಲಿ ಅರಬ್ಬಿ ಇದ್ದರೆ ಇಬ್ಬರಿಗೂ ಸುಲಭ. ಆದರೆ ಬೋರ್ಡಿನಲ್ಲಿ ಇರುವುದನ್ನು ಹಾಗೇ ಫೋನಿಗೆ ಹಾಕಿ ಅರಬ್ಬಿ ಮಾಡಿದರೆ ಕಬ್ಬಿನ ಹಾಲು ನಿಜವಾದ ಹಾಲಾಗುತ್ತದೆ, ಏಲಕ್ಕಿ ಬಾಳೆ ಬರೀ ಏಲಕ್ಕಿಯಾಗುತ್ತದೆ. ಅದಕ್ಕೇ ಈ ಲೇಖನದಲ್ಲಿ ಅರ್ಧದಷ್ಟು ಜಾಗ ಕನ್ನಡ ಬೋರ್ಡನ್ನು ಸರಿಯಾಗಿ ಓದುವುದಕ್ಕೇ ಹೋಗಿದೆ.

ನಾನಿಲ್ಲಿ ಜ್ಯೂಸ್ ಮತ್ತು ಹಣ್ಣಿನ ಗಾಡಿಯನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಕಪ್ಪು ಬಣ್ಣ ಬಳಿದ ಪ್ಲೈವುಡ್ ಹಲಗೆ, ಅದರ ಮೇಲೆ ಐಟಂ ಹೆಸರು ಎನಾಮಲ್ ಪೇಂಟಿನಲ್ಲಿ, ರೇಟು ಮಾತ್ರ ಚಾಕ್‌ಪೀಸಿನಲ್ಲಿ. ನೀವು ನೋಡಿರುವ ಬೋರ್ಡುಗಳಲ್ಲಿ ಜಾಸ್ತಿ ಹೀಗೇ ಇರುತ್ತವೆ, ಅಲ್ವಾ?

ಏನೇನು ಬೇಕು

ಕ್ಯಾಮೆರಾ ಇರುವ ಫೋನು, ಒಂದು ನೋಟ್‌ಪುಸ್ತಕ, ಫೋನಿನಲ್ಲಿ ಅರಬ್ಬಿ ಕೀಬೋರ್ಡು. ಗಾಡಿಯವರ ಹತ್ತಿರ ಕಾಲು ಗಂಟೆ ಮಾತಾಡುವಷ್ಟು ಸಮಯ. ಕೊನೆಯಲ್ಲಿ ಒಮ್ಮೆ ಓದಿ ನೋಡಲು ಅರಬ್ಬಿ ಮಾತೃಭಾಷೆಯವರೊಬ್ಬರು. ಉರ್ದು ಬಲ್ಲ ಗೆಳೆಯರಿದ್ದರೆ ಅಕ್ಷರ ಗುರುತಿಸಲು ಸಹಾಯವಾಗುತ್ತದೆ, ಆದರೆ ಕೊನೆಯ ಪರೀಕ್ಷೆಗೆ ಅವರು ಸಾಲದು. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಹಂತ 1: ಬೋರ್ಡನ್ನು ಇದ್ದ ಹಾಗೇ ನಕಲು ಮಾಡಿ

ಎರಡು ಫೋಟೋ ತೆಗೆಯಿರಿ. ಒಂದು ನೇರವಾಗಿ, ಇನ್ನೊಂದು ಪಕ್ಕದಿಂದ ಓರೆಯಾಗಿ. ಚಾಕ್‌ಪೀಸಿನ ರೇಟನ್ನು ಒರೆಸಿ ಮತ್ತೆ ಬರೆಯುತ್ತಲೇ ಇರುವುದರಿಂದ ಹಳೆಯ ಅಂಕಿಯ ಮಸುಕು ಕೆಳಗೆ ಉಳಿದಿರುತ್ತದೆ. ನೇರ ಫೋಟೋದಲ್ಲಿ 30 ಅಂತ ಕಂಡದ್ದು ಓರೆ ಫೋಟೋದಲ್ಲಿ ಹಳೆಯ 20ರ ಮೇಲೆ ತಿದ್ದಿದ 30 ಅಂತ ಗೊತ್ತಾಗುತ್ತದೆ. ಕೆಲವೊಮ್ಮೆ ಉಲ್ಟಾ ಕೂಡ.

ಆಮೇಲೆ ನೋಟ್‌ಪುಸ್ತಕದಲ್ಲಿ ಸಾಲು ಸಾಲಾಗಿ ಬರೆದುಕೊಳ್ಳಿ. ಈ ಹಂತದಲ್ಲಿ ಕಾಗುಣಿತ ತಿದ್ದಬೇಡಿ. ತಿದ್ದುತ್ತಾ ಬರೆದರೆ ನಿಮ್ಮ ಊಹೆ ಯಾವುದು, ಬೋರ್ಡಿನಲ್ಲಿ ಇದ್ದದ್ದು ಯಾವುದು ಅಂತ ಆಮೇಲೆ ಗೊತ್ತಾಗುವುದಿಲ್ಲ. ನಮ್ಮ ಉದಾಹರಣೆಯ ಬೋರ್ಡು ಇದು:

```
ಕಬಿನ ಆಲು      ಆಪ್ 20  ಪುಲ್ 30
ಮೂಸಂಬಿ ಜುಸ್    50/-
ಬಟರ್ ಪ್ರೂಟ್      80/-
ಕಲಂಗ್ಡಿ        20
ಮಜ್ಗೆ          15
ಯಾಲಕಿ   1/2   40
ಖಜೂರ ಸೇಕ್      80
```

ಹಂತ 2: ಕಣ್ಣಿನಿಂದಲ್ಲ, ಬಾಯಿಂದ ಓದಿ

ಬೋರ್ಡ್ ಬರೆದವರು ತಾವು ಮಾತಾಡುವ ಹಾಗೆ ಬರೆದಿರುತ್ತಾರೆ. ಆದ್ದರಿಂದ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ ನೋಡಿ. ಹತ್ತರಲ್ಲಿ ಎಂಟು ಸಾಲು ಕಿವಿಗೆ ಬಿದ್ದ ಕೂಡಲೇ ಅರ್ಥವಾಗುತ್ತವೆ. ಉಳಿದದ್ದಕ್ಕೆ ನಾಲ್ಕು ಬದಲಾವಣೆಗಳನ್ನು ನೆನಪಿಟ್ಟರೆ ಸಾಕು.

ಮೊದಲನೆಯದು ಹಕಾರ. ಹಳೇ ಮೈಸೂರು ಕಡೆಯ ಮಾತಿನಲ್ಲಿ ಪದದ ಮೊದಲ ಹ ಬಿದ್ದು ಹೋಗುತ್ತದೆ. ಹಾಲು ಆಲು ಆಗುತ್ತದೆ, ಹಣ್ಣು ಅಣ್ಣು ಆಗುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಜ್ಯೂಸ್ ಬೋರ್ಡಿನಲ್ಲಿ ‘ಆಲು’ ಅಂದರೆ ಹಾಲು, ಬಜ್ಜಿ ಬೋರ್ಡಿನಲ್ಲಿ ‘ಆಲು ಬೊಂಡ’ ಅಂದರೆ ಆಲೂಗಡ್ಡೆ. ಪದವನ್ನು ಒಂದೇ ನೋಡಬೇಡಿ, ಯಾವ ಗಾಡಿ ಅಂತ ನೋಡಿ.

ಎರಡನೆಯದು ಒತ್ತು ಮತ್ತು ದೀರ್ಘ. ಕಬ್ಬು ‘ಕಬು’ ಆಗಿರುತ್ತದೆ, ಯಾಲಕ್ಕಿ ‘ಯಾಲಕಿ’ ಆಗಿರುತ್ತದೆ. ಕೆಲವು ಸಲ ಬರೆದವರು ಬಿಟ್ಟದ್ದಲ್ಲ, ಅಳಿಸಿ ಹೋದದ್ದು. ಚಾಕ್‌ಪೀಸಿನಲ್ಲಿ ಬರೆದ ಸಾಲಿನಲ್ಲಿ ಒತ್ತಕ್ಷರ ಎಲ್ಲಕ್ಕಿಂತ ಕೆಳಗಿರುವುದರಿಂದ ಬಟ್ಟೆ ತಾಗಿ ಮೊದಲು ಹೋಗುವುದು ಅದೇ.

ಮೂರನೆಯದು ಶ-ಸ ಮತ್ತು ಫ-ಪ. ಶೇಕ್ ‘ಸೇಕ್’ ಆಗುತ್ತದೆ, ಫುಲ್ ‘ಪುಲ್’, ಹಾಫ್ ‘ಆಪ್’. ತಮಿಳಿನಲ್ಲಿ ಓದಿ ಬೆಳೆದವರು ಬರೆದ ಬೋರ್ಡಾದರೆ ಪ-ಬ, ಕ-ಗ, ತ-ದ ಕೂಡ ಅದಲುಬದಲಾಗಿರಬಹುದು, ಏಕೆಂದರೆ ತಮಿಳು ಲಿಪಿಯಲ್ಲಿ ಈ ಜೋಡಿಗಳಿಗೆ ಒಂದೊಂದೇ ಅಕ್ಷರ.

ನಾಲ್ಕನೆಯದು ಒಂದೇ ರೀತಿ ಕಾಣುವ ಅಕ್ಷರಗಳು. ಅವಸರದಲ್ಲಿ ಬರೆದ ‘ಮ’ ಮತ್ತು ‘ವು’ ಗುರುತಿಸುವುದು ಕಷ್ಟ. ‘ಪಲಾಮ’ ಅಂತ ಕಂಡರೆ ಗಾಬರಿಯಾಗಬೇಡಿ, ಅದು ಪಲಾವು.

ಇಷ್ಟು ಮಾಡಿದರೆ ನಮ್ಮ ಬೋರ್ಡಿನ ಏಳೂ ಹೆಸರುಗಳು ಬಿಡಿಸಿಕೊಳ್ಳುತ್ತವೆ. ‘ಆಪ್’ ಒಂದೇ ಇದ್ದಿದ್ದರೆ ಆಪಲ್‌ನ ಮೊಟಕು ರೂಪವೋ ಏನೋ ಅಂತ ಅನುಮಾನ ಬರಬಹುದಿತ್ತು. ಪಕ್ಕದಲ್ಲೇ ‘ಪುಲ್’ ಇರುವುದರಿಂದ ಹಾಫ್ ಅನ್ನುವುದು ಖಾತ್ರಿ.

ಹಂತ 3: ರೇಟು ಯಾವುದಕ್ಕೆ ಅಂತ ಕೇಳಿ ಬರೆದುಕೊಳ್ಳಿ

ಜಗಳ ಬರುವುದು ಹೆಸರಿನಿಂದಲ್ಲ, ಇಲ್ಲಿಂದ. ಬೋರ್ಡಿನಲ್ಲಿ ‘ಕಲಂಗ್ಡಿ 20’ ಅಂತಷ್ಟೇ ಇದೆ. ಕೆಜಿಗಾ, ಒಂದು ಗ್ಲಾಸ್ ಜ್ಯೂಸಿಗಾ, ಹೆಚ್ಚಿಟ್ಟ ಒಂದು ಪ್ಲೇಟಿಗಾ? ದಿನಾ ಬರುವ ನಮಗೆ ಗೊತ್ತು, ಹೊಸಬರಿಗೆ ಗೊತ್ತಿಲ್ಲ. ‘ಅಣ್ಣ, ಈ 20 ಪ್ಲೇಟಿಗಾ? ಈಗಿನ ರೇಟು ಇದೇನಾ?’ ಅಂತ ಪ್ರತಿ ಸಾಲಿಗೂ ಕೇಳಿ. ನಮ್ಮ ಉದಾಹರಣೆಯಲ್ಲಿ ಅದು ಹೆಚ್ಚಿದ ಹಣ್ಣಿನ ಒಂದು ಪ್ಲೇಟು ಅಂತ ಇಟ್ಟುಕೊಳ್ಳೋಣ.

‘1/2’ ಬಗ್ಗೆ ವಿಶೇಷ ಗಮನ ಇರಲಿ. ಚಾಕ್‌ಪೀಸಿನ ಓರೆ ಗೆರೆ ಅಳಿಸಿದರೆ ಅದು 12 ಆಗುತ್ತದೆ. ಹಣ್ಣಿನ ಗಾಡಿಗಳಲ್ಲಿ ಇನ್ನೊಂದು ಅಭ್ಯಾಸ ಇದೆ: ಮೂಲೆಯಲ್ಲಿ ಚಿಕ್ಕದಾಗಿ ¼ ಅಂತ ಬರೆದು ಪಕ್ಕದಲ್ಲಿ ದೊಡ್ಡದಾಗಿ 30 ಅಂತ ಬರೆಯುವುದು. ದೂರದಿಂದ ನೋಡಿದವರು ಕೆಜಿಗೆ 30 ಅಂದುಕೊಂಡು ಬರುತ್ತಾರೆ, ತೂಗಿದ ಮೇಲೆ 120 ಕೇಳಿದಾಗ ಸಿಟ್ಟಾಗುತ್ತಾರೆ. ಭಾಷೆ ಬಾರದವರ ಹತ್ತಿರ ಇದನ್ನು ವಿವರಿಸಿ ಸಮಾಧಾನ ಮಾಡುವುದು ಕಷ್ಟ. ಆದ್ದರಿಂದ ಅರಬ್ಬಿಯಲ್ಲಿ ಅಳತೆಯನ್ನು ಅಂಕಿಯಲ್ಲಿ ಬರೆಯಲೇಬೇಡಿ, ಪದದಲ್ಲಿ ಬರೆಯಿರಿ. ಅರ್ಧ ಕೆಜಿಗೆ ‘ನಿಸ್ಫ್ ಕೀಲೋ’, ಕಾಲು ಕೆಜಿಗೆ ‘ರುಬಅ್ ಕೀಲೋ’.

ಹಂತ 4: ಹೆಸರನ್ನಲ್ಲ, ವಸ್ತುವನ್ನು ಅನುವಾದಿಸಿ

ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಗಿರಾಕಿಯ ಕೈಗೆ ಏನು ಬರುತ್ತದೆ? ಅದರ ಅರಬ್ಬಿ ಹೆಸರು ಬೇಕು. ನಮ್ಮ ಬೋರ್ಡಿನಲ್ಲಿ ಜಾರುವ ಜಾಗಗಳು ಇವು.

ಕಬ್ಬಿನ ಹಾಲನ್ನು ಪದಕ್ಕೆ ಪದ ಇಟ್ಟು ‘ಹಲೀಬ್’ ಅಂದರೆ ದನದ ಹಾಲು ಬೆರೆಸಿದ್ದಾರೆ ಅಂತ ಅರ್ಥ ಆಗುತ್ತದೆ. ಬೇಕಾದದ್ದು ‘ಅಸೀರ್ ಕಸಬ್ ಅಸ್ಸುಕ್ಕರ್’. ಅಸೀರ್ ಅಂದರೆ ರಸ. ಕೊನೆಯ ‘ಸುಕ್ಕರ್’ ಬಿಡಬೇಡಿ, ಏಕೆಂದರೆ ಬರೀ ಕಸಬ್ ಅಂದರೆ ಜೊಂಡಿನಂಥ ಯಾವ ಟೊಳ್ಳು ಕಾಂಡವೂ ಆಗಬಹುದು.

ಬಟರ್ ಫ್ರೂಟ್ ಅಥವಾ ಬೆಣ್ಣೆಹಣ್ಣಿನಲ್ಲಿ ಬೆಣ್ಣೆ ಇಲ್ಲ. ‘ಜುಬ್ದ’ ಅಂತ ಬರೆದರೆ ಬೆಣ್ಣೆಯ ಪಾನೀಯ ಅಂದುಕೊಳ್ಳುತ್ತಾರೆ. ‘ಅವೊಕಾಡೊ’ ಅಂದರೆ ಸಾಕು. ಹಾಲು ಹಾಕಿ ಮಾಡುವುದಾದರೆ ‘ಬಿಲ್‌ಹಲೀಬ್’, ಅಂದರೆ ಹಾಲಿನೊಂದಿಗೆ, ಅಂತ ಸೇರಿಸಿ. ರೋಗಿಗಳ ಜೊತೆ ಬಂದವರಿಗೆ ಈ ಮಾಹಿತಿ ಬೇಕಾಗುತ್ತದೆ.

ಯಾಲಕ್ಕಿಯದ್ದು ಎಲ್ಲಕ್ಕಿಂತ ದೊಡ್ಡ ಗುಂಡಿ. ನಮಗೆ ಹಣ್ಣಿನ ಗಾಡಿಯಲ್ಲಿ ಯಾಲಕ್ಕಿ ಅಂದರೆ ಪುಟ್ಟ ಬಾಳೆಹಣ್ಣು, ಬಾಳೆ ಅಂತ ಬರೆಯುವ ಅಗತ್ಯವೇ ಇಲ್ಲ. ಅದನ್ನು ‘ಹೇಲ್’ ಅಂತ ಅನುವಾದಿಸಿದರೆ ಅರ್ಧ ಕೆಜಿ ಏಲಕ್ಕಿ 40 ರೂಪಾಯಿ ಅಂತ ಓದುತ್ತಾರೆ. ಏಲಕ್ಕಿ ಹಾಕದ ಕಾಫಿಯನ್ನು ಕಾಫಿ ಅಂತಲೇ ಒಪ್ಪದ ಊರುಗಳಿಂದ ಬಂದವರಿಗೆ ಆ ರೇಟು ಕಂಡರೆ ಹೇಗಾಗಬೇಡ! ಇಲ್ಲಿ ‘ಮೌಜ್ ಸಗೀರ್’, ಚಿಕ್ಕ ಬಾಳೆಹಣ್ಣು, ಅಂತ ಬರೆಯಿರಿ. ಟೀ ಅಂಗಡಿ ಬೋರ್ಡಿನಲ್ಲಿ ಯಾಲಕ್ಕಿ ಟೀ ಅಂತಿದ್ದರೆ ಮಾತ್ರ ಹೇಲ್ ಸರಿ.

ಮೂಸಂಬಿಗೆ ನಿಘಂಟಿನಲ್ಲಿ ‘ಲೈಮೂನ್ ಹುಲುವ್’, ಸಿಹಿ ನಿಂಬೆ, ಅಂತ ಸಿಗುತ್ತದೆ. ತಪ್ಪಲ್ಲ. ಆದರೆ ಜ್ಯೂಸ್ ಪಕ್ಕದಲ್ಲಿ ಅದನ್ನು ಬರೆದರೆ ಸಕ್ಕರೆ ಹಾಕಿದ ನಿಂಬೆ ಶರಬತ್ತು ಅಂತ ಓದಿಸಿಕೊಳ್ಳುತ್ತದೆ. ಹೆಸರನ್ನು ‘ಮೋಸಂಬಿ’ ಅಂತಲೇ ಉಳಿಸಿ, ಪಕ್ಕದಲ್ಲಿ ‘ಯುಶ್ಬಿಹ್ ಅಲ್‌ಬುರ್ತುಕಾಲ್’, ಕಿತ್ತಳೆ ತರಹದ್ದು, ಅಂತ ಒಂದು ಸಣ್ಣ ವಿವರಣೆ ಕೊಡುವುದು ನನಗೆ ಸರಿ ಕಾಣುತ್ತದೆ.

ಇನ್ನೆರಡು ಪದಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಕಲ್ಲಂಗಡಿಗೆ ಪುಸ್ತಕದ ಅರಬ್ಬಿಯಲ್ಲಿ ‘ಬತ್ತೀಖ್’. ಆದರೆ ಇರಾಕಿನವರು ಕಲ್ಲಂಗಡಿಗೆ ‘ರಗ್ಗಿ’ ಅನ್ನುತ್ತಾರೆ, ಅವರಿಗೆ ಬತ್ತೀಖ್ ಅಂದರೆ ಕರಬೂಜ. ಯೆಮನ್‌ನಲ್ಲಿ ‘ಹಬ್‌ಹಬ್’, ಒಮಾನ್‌ನಲ್ಲಿ ‘ಜಿಹ್’. ಎಲ್ಲ ಹೆಸರನ್ನೂ ಬೋರ್ಡಿಗೆ ಹಾಕಲು ಆಗುವುದಿಲ್ಲ. ‘ಬತ್ತೀಖ್ ಅಹ್ಮರ್’, ಕೆಂಪು ಬತ್ತೀಖ್, ಅಂತ ಬರೆದರೆ ಯಾರೂ ಕರಬೂಜ ಅಂದುಕೊಳ್ಳುವುದಿಲ್ಲ. ಕರಬೂಜವೂ ಮಾರುವವರು ಅದಕ್ಕೆ ‘ಶಮ್ಮಾಮ್’ ಅಂತ ಬರೆಯಿರಿ.

ಮಜ್ಜಿಗೆಗೆ ಗಲ್ಫಿನಲ್ಲಿ ಕೆಲಸ ಮಾಡಿ ಬಂದ ನಮ್ಮ ಕರಾವಳಿಯವರು ಥಟ್ಟನೆ ಹೇಳುವುದು ‘ಲಬನ್’. ಗಲ್ಫಿನವರಿಗೆ ಸರಿಯೇ. ಆದರೆ ಸುಡಾನ್, ಈಜಿಪ್ಟಿನವರಿಗೆ ಲಬನ್ ಅಂದರೆ ಹಾಲು. ಹಾಲು ಅಂತ ಕೇಳಿ ಉಪ್ಪು, ಹಸಿಮೆಣಸು ಹಾಕಿದ ಮಜ್ಜಿಗೆ ಬಾಯಿಗೆ ಬಂದರೆ ಏನು ಗತಿ? ‘ಶರಾಬ್ ಜಬಾದಿ ಮುಮಲ್ಲಹ್’, ಉಪ್ಪು ಹಾಕಿದ ಮೊಸರಿನ ಪಾನೀಯ, ಅಂತ ಬಿಡಿಸಿ ಬರೆಯಿರಿ, ಮೆಣಸಿನಕಾಯಿ ಇದ್ದರೆ ಅದನ್ನೂ ಹೇಳಿ. ಅರಬ್ಬಿಯಲ್ಲಿ ಶರಾಬ್ ಅಂದರೆ ಬರೀ ಪಾನೀಯ, ನಮ್ಮಲ್ಲಿನ ಅರ್ಥವಲ್ಲ. ಗಾಡಿಯವರಿಗೆ ಇದನ್ನು ಮೊದಲೇ ತಿಳಿಸಿ, ಯಾರಾದರೂ ಓದಿ ಹೇಳಿದರೆ ಅವರು ಗಾಬರಿಯಾಗಬಾರದು.

ಹಂತ 5: ರೇಟು ಒಂದೇ ಕಡೆ ಇರಲಿ

ಅರಬ್ಬಿಯಲ್ಲಿ ಬರೆದ ಮೇಲೆ ಅಂಕಿಗಳನ್ನೂ ಅರಬ್ಬಿಯಲ್ಲಿ ಹಾಕಬೇಕು ಅಂತ ಅನಿಸುವುದು ಸಹಜ. ಬೇಡ. ಕಾರಣ ಸರಳ: ರೇಟು ಬದಲಿಸುವವರು ಗಾಡಿಯವರು. ಅರಬ್ಬಿ ಅಂಕಿ ಅವರಿಗೆ ಬಾರದಿದ್ದರೆ ಕನ್ನಡದ ಕಡೆ 60 ಆಗುತ್ತದೆ, ಅರಬ್ಬಿ ಕಡೆ ಹಳೆಯ 50 ಹಾಗೇ ಇರುತ್ತದೆ. ಒಂದೇ ಬೋರ್ಡಿನಲ್ಲಿ ಎರಡು ರೇಟು ಕಂಡರೆ ವಿದೇಶಿಯರಿಗೆ ಬೇರೆ ರೇಟು ಹಾಕುತ್ತಿದ್ದಾರೆ ಅನ್ನುವ ಅನುಮಾನ ಬರುತ್ತದೆ.

ಕನ್ನಡ ಎಡದಿಂದ ಶುರುವಾಗುತ್ತದೆ, ಅರಬ್ಬಿ ಬಲದಿಂದ. ಹಾಗಾಗಿ ಎಡಕ್ಕೆ ಕನ್ನಡ, ಬಲಕ್ಕೆ ಅರಬ್ಬಿ, ನಡುವೆ ರೇಟು ಇಟ್ಟರೆ ಎರಡೂ ಕಡೆಯಿಂದ ಓದುವವರು ಒಂದೇ ಅಂಕಿಗೆ ಬಂದು ನಿಲ್ಲುತ್ತಾರೆ. ನಾವು ದಿನಾ ಬರೆಯುವ 1, 2, 3 ಅಂಕಿಗಳನ್ನು ಅರಬ್ಬರೂ ಫೋನಿನಲ್ಲಿ, ನೋಟಿನಲ್ಲಿ ನೋಡಿ ಚೆನ್ನಾಗಿ ಬಲ್ಲರು.

ಆದರೂ ಅರಬ್ಬಿ ಅಂಕಿಯೇ ಬೇಕು ಅನ್ನುವವರು ಈ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ:

```
1 = ١
2 = ٢
3 = ٣
4 = ٤
5 = ٥
6 = ٦
7 = ٧
8 = ٨
9 = ٩
0 = ٠
```

ಅವರ ಐದು ನಮ್ಮ ಸೊನ್ನೆಯ ಹಾಗೆ ಗುಂಡಗಿದೆ, ಅವರ ಸೊನ್ನೆ ಬರೀ ಒಂದು ಚುಕ್ಕೆ. ಅವರ ಆರು ನಮ್ಮ 7ರ ಹಾಗೆ ಕಾಣುತ್ತದೆ. 50 ಬರೆಯಲು ಹೋಗಿ ಚುಕ್ಕೆ ಅಳಿಸಿದರೆ ಉಳಿಯುವುದು ಬರೀ 5. ಇನ್ನೊಂದು ತಪ್ಪು: ಅರಬ್ಬಿ ಬಲದಿಂದ ಎಡಕ್ಕೆ ಅಂತ ಅಂಕಿಯನ್ನೂ ತಿರುಗಿಸಿ 25ನ್ನು 52 ಮಾಡುವುದು. ಅರಬ್ಬಿಯಲ್ಲೂ ಹತ್ತರ ಸ್ಥಾನ ಎಡಕ್ಕೇ ಇರುತ್ತದೆ, ಅಂಕಿ ತಿರುಗಿಸಬೇಡಿ.

‘50/-’ರ ಬಾಲವನ್ನು ತೆಗೆದುಬಿಡಿ. ಆ ಗುರುತು ಅವರಿಗೆ ಗೊತ್ತಿಲ್ಲ, ಮೇಲಾಗಿ ಅರಬ್ಬಿ ಸಾಲಿನಲ್ಲಿ ಟೈಪ್ ಮಾಡಿದರೆ ಗೆರೆಗಳು ಹಾರಿ ಅಂಕಿಯ ಎಡಕ್ಕೆ ಹೋಗಿ ಕೂರುತ್ತವೆ. ಪ್ರತಿ ಸಾಲಿನಲ್ಲೂ ರೂಪಾಯಿ ಅಂತ ಬರೆಯುವುದೂ ಬೇಡ. ಅರಬ್ಬಿಯಲ್ಲಿ ಸಂಖ್ಯೆಗೆ ತಕ್ಕಂತೆ ಆ ಪದದ ರೂಪ ಬದಲಾಗುತ್ತದೆ: 3ರಿಂದ 10ರವರೆಗೆ ‘ರೂಬಿಯ್ಯಾತ್’, 11ರಿಂದ 100ರವರೆಗೆ ‘ರೂಬಿಯ್ಯ’. ಮೇಲೆ ಒಂದೇ ಸಲ ‘ದರಗಳು ಭಾರತೀಯ ರೂಪಾಯಿಯಲ್ಲಿ’ ಅಂತ ಬರೆದರೆ ಈ ತೊಂದರೆಯೇ ಇಲ್ಲ.

ಹಂತ 6: ಕರಡು ತಯಾರಿಸಿ

ಎಲ್ಲ ಸೇರಿಸಿದರೆ ನಮ್ಮ ಬೋರ್ಡು ಹೀಗಾಗುತ್ತದೆ. ಗಾಡಿಯವರು ಹೇಳಿದ ಅಳತೆ, ಹಾಲು, ಮೆಣಸಿನಕಾಯಿ ಎಲ್ಲ ಇದರಲ್ಲಿ ಬಂದಿವೆ. ಹಾಫ್, ಫುಲ್ ಅನ್ನು ಚಿಕ್ಕ ಲೋಟ, ದೊಡ್ಡ ಲೋಟ ಅಂತ ಮಾಡಿದ್ದೇನೆ. ಅರ್ಧ ಲೋಟ ಅಂದರೆ ಅರ್ಧ ಖಾಲಿ ಲೋಟ ಕೊಡುತ್ತಾರೆ ಅನ್ನುವ ಹಾಗಾಗುತ್ತದೆ.

```
الأسعار بالروبية الهندية

ಕಬ್ಬಿನ ಹಾಲು, ಹಾಫ್      20   عصير قصب السكر – كوب صغير
ಕಬ್ಬಿನ ಹಾಲು, ಫುಲ್      30   عصير قصب السكر – كوب كبير
ಮೂಸಂಬಿ ಜ್ಯೂಸ್         50   عصير موسمبي – يشبه البرتقال
ಬಟರ್ ಫ್ರೂಟ್ ಜ್ಯೂಸ್      80   أفوكادو بالحليب
ಕಲ್ಲಂಗಡಿ, ಪ್ಲೇಟ್        20   بطيخ أحمر مقطع – طبق
ಮಜ್ಜಿಗೆ               15   شراب زبادي مملح بالفلفل الأخضر
ಏಲಕ್ಕಿ ಬಾಳೆ, ಅರ್ಧ ಕೆಜಿ   40   موز صغير – نصف كيلو
ಖರ್ಜೂರ ಮಿಲ್ಕ್‌ಶೇಕ್      80   ميلك شيك بالتمر
```

ಕನ್ನಡದ ಕಡೆಯೂ ಕಾಗುಣಿತ ಸರಿ ಮಾಡಿದ್ದೇನೆ, ಆದರೆ ಗಾಡಿಯವರು ಬಳಸುವ ಪದಗಳನ್ನು ಬದಲಿಸಿಲ್ಲ. ಅವರು ಬಟರ್ ಫ್ರೂಟ್ ಅನ್ನುತ್ತಿದ್ದರೆ ಅದೇ ಇರಲಿ. ಕನ್ನಡದ ಅಕ್ಷರ ಅರಬ್ಬಿಗಿಂತ ದೊಡ್ಡದಿರಲಿ. ಅಂಗಡಿಯ ನಾಮಫಲಕದಲ್ಲಿ 60% ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ ಅನ್ನುವುದು 2024ರ ತಿದ್ದುಪಡಿಯಿಂದ ಕಾನೂನೇ ಆಗಿದೆ. ರೇಟ್ ಬೋರ್ಡಿನಲ್ಲೂ ಅದೇ ಕ್ರಮ ಇಟ್ಟುಕೊಂಡರೆ ಯಾರ ತಕರಾರೂ ಬರುವುದಿಲ್ಲ.

ಹಂತ 7: ಬರೆಸುವುದು

ಅರಬ್ಬಿ ಹೆಸರುಗಳನ್ನು ಚಾಕ್‌ಪೀಸಿನಲ್ಲಿ ಬರೆಯಬೇಡಿ, ಪೇಂಟಿನಲ್ಲೇ ಬರೆಸಿ. ಅರಬ್ಬಿಯಲ್ಲಿ ಹಲವು ಅಕ್ಷರಗಳ ಮೈ ಒಂದೇ, ಚುಕ್ಕೆ ಮಾತ್ರ ಬೇರೆ. ಖರ್ಜೂರಕ್ಕೆ ‘ತಮರ್’ ಅಂತ ಬರೆಯುವಾಗ ಮೊದಲ ಅಕ್ಷರದ ಮೇಲೆ ಎರಡು ಚುಕ್ಕೆ. ಒಂದು ಚುಕ್ಕೆ ಅಳಿಸಿದರೆ ‘ನಮಿರ್’ ಆಗುತ್ತದೆ, ಅಂದರೆ ಹುಲಿ!

```
تمر   ಖರ್ಜೂರ
نمر   ಹುಲಿ
```

ಬರೆಯುವವರು ಅರಬ್ಬಿ ಬಾರದ ಪೇಂಟರ್ ಆದರೆ ಕರಡನ್ನು ಬೋರ್ಡಿನ ಅಳತೆಗೇ ದೊಡ್ಡದಾಗಿ ಪ್ರಿಂಟ್ ತೆಗೆದು ಕೊಡಿ, ನೋಡಿ ತಿದ್ದಿಕೊಂಡು ಬರೆಯುತ್ತಾರೆ. ಪ್ರಿಂಟ್ ಅಂಗಡಿಯಲ್ಲಿ ಒಂದು ವಿಷಯ ನೋಡಿಕೊಳ್ಳಿ. ಕೆಲವು ಹಳೆಯ ಡಿಸೈನ್ ಸಾಫ್ಟ್‌ವೇರ್‌ಗಳು ಅರಬ್ಬಿ ಅಕ್ಷರಗಳನ್ನು ಕೂಡಿಸುವುದಿಲ್ಲ. ಒಂದೊಂದು ಅಕ್ಷರ ಬಿಡಿಬಿಡಿಯಾಗಿ, ಅದೂ ಎಡದಿಂದ ಬಲಕ್ಕೆ ಉಲ್ಟಾ ಬರುತ್ತದೆ. ಅರಬ್ಬಿ ಬಾರದವರಿಗೂ ಇದನ್ನು ಗುರುತಿಸಲು ಒಂದು ದಾರಿ ಇದೆ: ನಿಮ್ಮ ಫೋನಿನಲ್ಲಿ ಕೂಡಿಕೊಂಡು ಕಾಣುವ ಪದ ಪ್ರಿಂಟಿನಲ್ಲಿ ತುಂಡುತುಂಡಾಗಿದ್ದರೆ ಅದು ಕೆಟ್ಟಿದೆ. ಆಗ ಫೋನಿನಲ್ಲಿ ಕಂಡದ್ದನ್ನು ಚಿತ್ರವಾಗಿ ಉಳಿಸಿ ಅದನ್ನೇ ಕೊಡಿ.

ಬೆಂಗಳೂರಿನಲ್ಲಿ ಉರ್ದು ಬರೆಯುವ ಒಳ್ಳೆಯ ಪೇಂಟರ್‌ಗಳು ಸಿಗುತ್ತಾರೆ. ಅವರ ಕೈಬರಹ ಚೆಂದ, ಆದರೆ ಉರ್ದುವೇ ಬೇರೆ, ಅರಬ್ಬಿಯೇ ಬೇರೆ. ಉರ್ದುವಿನ ಓರೆಯಾಗಿ ಇಳಿಯುವ ನಸ್ತಾಲೀಕ್ ಶೈಲಿಯನ್ನು ಅರಬ್ಬರು ತಡವರಿಸಿ ಓದುತ್ತಾರೆ, ನೇರವಾಗಿ ಸಾಗುವ ‘ನಸ್ಖ್’ ಶೈಲಿಯಲ್ಲಿ ಬರೆಯಲು ಹೇಳಿ. ಪ, ಚ, ಗ, ಟ ಧ್ವನಿಗೆ ಉರ್ದುವಿನಲ್ಲಿರುವ ವಿಶೇಷ ಅಕ್ಷರಗಳು ಅರಬ್ಬಿ ವರ್ಣಮಾಲೆಯಲ್ಲಿ ಇಲ್ಲ, ಆದ್ದರಿಂದ ಪಪಾಯ ‘ಬಾಬಾಯಾ’ ಆಗಬೇಕು. ಅಂಕಿ ಬರೆಸುತ್ತಿದ್ದರೆ ಉರ್ದುವಿನ 4, 5, 6ರ ಆಕಾರ ಅರಬ್ಬಿಯದಕ್ಕಿಂತ ಬೇರೆ ಅನ್ನುವುದನ್ನೂ ನೆನಪಿಸಿ.

ಹಂತ 8: ಓದಿಸಿ ನೋಡಿ

ಪೇಂಟ್ ಮಾಡಿಸುವ ಮೊದಲೇ ಕರಡನ್ನು ಅರಬ್ಬಿ ಮಾತೃಭಾಷೆಯವರೊಬ್ಬರಿಗೆ ತೋರಿಸಿ. ‘ಸರಿ ಇದೆಯಾ?’ ಅಂತ ಕೇಳಿದರೆ ಸೌಜನ್ಯಕ್ಕೆ ಹೌದು ಅಂದುಬಿಡುತ್ತಾರೆ. ಬದಲಿಗೆ ಒಂದು ಸಾಲು ತೋರಿಸಿ, ‘ಇದನ್ನು ಕೇಳಿದರೆ ನಿಮ್ಮ ಕೈಗೆ ಏನು ಬರುತ್ತದೆ, ಎಷ್ಟು ಕೊಡಬೇಕು?’ ಅಂತ ಕೇಳಿ. ‘ಅರ್ಧ ಕೆಜಿ ಚಿಕ್ಕ ಬಾಳೆಹಣ್ಣು, 40’ ಅಂತ ಉತ್ತರ ಬಂದರೆ ಆ ಸಾಲು ಪಾಸು. ತಡವರಿಸಿದರೆ ಪದ ಬದಲಿಸಿ. ಸಾಧ್ಯವಾದರೆ ಬೇರೆ ಬೇರೆ ದೇಶದ ಇಬ್ಬರನ್ನು ಕೇಳಿ, ಅದರಲ್ಲೂ ಕಲ್ಲಂಗಡಿ ಮತ್ತು ಮಜ್ಜಿಗೆಯ ಸಾಲುಗಳನ್ನು.

ಬೋರ್ಡ್ ತೂಗುಹಾಕಿದ ಮೇಲೆ ಗಾಡಿಯವರಿಗೆ ಎರಡು ಮಾತು ಬಾಯಿಪಾಠ ಮಾಡಿಸಿ. ‘ಬಿದೂನ್ ಸುಕ್ಕರ್’ ಅಂದರೆ ಸಕ್ಕರೆ ಬೇಡ, ‘ಬಿದೂನ್ ಥಲ್ಜ್’ ಅಂದರೆ ಐಸ್ ಬೇಡ. ಆಸ್ಪತ್ರೆ ಹತ್ತಿರದ ಗಾಡಿಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಇವು ಕಿವಿಗೆ ಬೀಳುತ್ತವೆ. ಬೋರ್ಡಿನ ಕೆಳಗೆ ಎರಡು ಸಾಲು ಖಾಲಿ ಬಿಡಿಸಿ, ಮಾವಿನ ಕಾಲ ಬಂದಾಗ ‘ಮಾಂಗೊ’ ಸೇರಿಸಲು ಜಾಗ ಬೇಕಾಗುತ್ತದೆ.